ಗುರುವಾರದ ಸೊನ್ನೆ: ಮೆಕ್ಕೆಜೋಳದ ಗ್ರಾಫಿನಲ್ಲಿ ವರದಿ ಬಾರದ ದಿನವನ್ನು ತೋರಿಸಿದ ಬಗೆ

ದಾವಣಗೆರೆ ತಾಲ್ಲೂಕಿನ ರೈತ ಉತ್ಪಾದಕರ ಕಂಪನಿಯೊಂದು ತನ್ನ ಸದಸ್ಯರಿಗಾಗಿ ದಿನವೂ ಎರಡು ಗ್ರಾಫ್ ತೋರಿಸುತ್ತದೆ. ಒಂದು ಮೆಕ್ಕೆಜೋಳದ ಮಾದರಿ ದರದ ಗೆರೆ, ಇನ್ನೊಂದು ಆವಕದ ಕಂಬಗಳು. ಮಾದರಿ ದರವೆಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ. ಕನಿಷ್ಠ, ಗರಿಷ್ಠ ದರಗಳ ಜೊತೆಗೆ ಇದೂ ಮಾರುಕಟ್ಟೆಯ ದಿನವಹಿ ವರದಿಯಲ್ಲಿ ಬರುತ್ತದೆ. ಸಂಜೆ ಒಂದು ಪ್ರೋಗ್ರಾಂ ಆ ವರದಿಯನ್ನು ತಂದು ಡೇಟಾಬೇಸಿಗೆ ಹಾಕುತ್ತದೆ. ಕಚೇರಿಯ ಪರದೆಯಲ್ಲೂ ಸದಸ್ಯರ ಮೊಬೈಲಿನಲ್ಲೂ ಕಾಣುವುದು ಅದೇ ಗ್ರಾಫ್.

ಒಂದು ಶುಕ್ರವಾರ ಬೆಳಿಗ್ಗೆ ಆ ಗೆರೆ ₹2,190ರಿಂದ ನೇರ ನೆಲಕ್ಕೆ ಬಿದ್ದಿತ್ತು. ಸಂಜೆಯ ಹೊತ್ತಿಗೆ ಮತ್ತೆ ಮೇಲೆದ್ದು ₹2,220ಕ್ಕೆ ಬಂತು. ಮನೆಯಲ್ಲಿ ಚೀಲ ಪೇರಿಸಿಟ್ಟುಕೊಂಡು ದರಕ್ಕೆ ಕಾಯುತ್ತಿದ್ದವರಿಗೆ ‘ಬೆಂಬಲ ಬೆಲೆಗಿಂತ ಕೆಳಗೆ’ ಎಂಬ ಎಚ್ಚರಿಕೆ ಸಂದೇಶವೂ ಹೋಗಿತ್ತು. ‘ಏನ್ರೀ, ಗುರುವಾರ ಜೋಳ ಪುಕ್ಕಟೆ ಕೊಟ್ರಾ?’ ಎಂದು ಕೇಳಿದ ಸದಸ್ಯರಿಗೆ ಗ್ರಾಫ್ ಸುಳ್ಳು ಹೇಳುತ್ತಿದೆ ಎಂಬುದು ಗೊತ್ತಿತ್ತು. ಎಷ್ಟು ಸುಳ್ಳು, ಎಲ್ಲೆಲ್ಲಿ ಸುಳ್ಳು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ವಾರದ ಅಂಕಿಗಳು ಹೀಗಿದ್ದವು. ಲೆಕ್ಕ ಹಿಡಿಯಲು ಸುಲಭವಾಗಲೆಂದು ದುಂಡಗೆ ಮಾಡಿ ಕೊಟ್ಟಿದೆ. ಸೋಮವಾರ ₹2,180ಕ್ಕೆ 3,200 ಕ್ವಿಂಟಲ್, ಮಂಗಳವಾರ ₹2,200ಕ್ಕೆ 2,800, ಬುಧವಾರ ₹2,190ಕ್ಕೆ 3,000. ಗುರುವಾರದ ವರದಿ ಬರಲಿಲ್ಲ. ಶುಕ್ರವಾರ ₹2,220ಕ್ಕೆ 4,000, ಶನಿವಾರ ₹2,210ಕ್ಕೆ 2,000. ಭಾನುವಾರ ಮಾರುಕಟ್ಟೆಗೆ ರಜೆ.

ಈ ವಾರದಲ್ಲಿ ಅಂಕಿ ಇಲ್ಲದ ದಿನಗಳು ಎರಡು, ಆದರೆ ಎರಡೂ ಒಂದೇ ಜಾತಿಯವಲ್ಲ. ಭಾನುವಾರ ಆವಕ ನಿಜವಾಗಿಯೂ ಸೊನ್ನೆ. ಮಾಲು ಬಂದಿಲ್ಲ ಎಂಬುದು ನಮಗೆ ತಿಳಿದ ಸಂಗತಿ. ದರ ಮಾತ್ರ ಸೊನ್ನೆಯಲ್ಲ, ಏಕೆಂದರೆ ವ್ಯಾಪಾರವೇ ಆಗದ ದಿನ ದರ ಎಂಬುದೇ ಹುಟ್ಟುವುದಿಲ್ಲ. ಗುರುವಾರ ಆವಕವೂ ಇದೆ, ದರವೂ ಇದೆ, ನಮ್ಮ ಕೈಗೆ ಬಂದಿಲ್ಲ ಅಷ್ಟೆ. ಅಂದರೆ ಎರಡು ದಿನ, ಎರಡು ಕಾಲಂ, ಒಟ್ಟು ನಾಲ್ಕು ಖಾಲಿ ಜಾಗ. ಅವುಗಳಲ್ಲಿ ಸೊನ್ನೆ ಬರೆಯಲು ಹಕ್ಕಿರುವುದು ಭಾನುವಾರದ ಆವಕಕ್ಕೆ ಮಾತ್ರ. ಕಂಪನಿಯ ಪ್ರೋಗ್ರಾಂ ನಾಲ್ಕಕ್ಕೂ ಸೊನ್ನೆ ಬರೆದಿತ್ತು.

ಸೊನ್ನೆ ಎಲ್ಲಿ ಹುಟ್ಟಿತು

ಗ್ರಾಫ್ ಬರೆಯುವ ಭಾಗದಲ್ಲೇ ತಪ್ಪಿದೆ ಎಂದು ಮೊದಲು ಅಲ್ಲಿ ಹುಡುಕಿದರು. ಅಲ್ಲಿ ಇರಲಿಲ್ಲ. ಇಂಥ ಸೊನ್ನೆಯನ್ನು ಹುಡುಕಬೇಕಾದ್ದು ನೀರಿನ ಸೋರಿಕೆ ಹುಡುಕಿದಂತೆ, ಮೇಲಿನ ಟ್ಯಾಂಕಿನಿಂದ ಕೆಳಗೆ. ಮೊದಲು ಮೂಲ ಫೈಲು ತೆರೆದು ನೋಡಬೇಕು. ಗುರುವಾರ ತಂದ ಫೈಲಿನಲ್ಲಿ ಮೆಕ್ಕೆಜೋಳದ ಸಾಲು ಇತ್ತು, ಅಂಕಿಯ ಜಾಗದಲ್ಲಿ ಬರಿ ಒಂದು ಅಡ್ಡಗೆರೆ ಇತ್ತು. ಮೂಲ ಸುಳ್ಳು ಹೇಳಿರಲಿಲ್ಲ.

ಪ್ರೋಗ್ರಾಂ ಫೈಲು ಓದಲು ಬಳಸುವ ಪೈಥಾನಿನ ಪಾಂಡಾಸ್ ಲೈಬ್ರರಿ ಖಾಲಿ ಜಾಗವನ್ನೂ `NA` ಎಂಬ ಬರಹವನ್ನೂ ತಾನಾಗಿಯೇ ‘ಅಂಕಿ ಇಲ್ಲ’ ಎಂದು ಓದುತ್ತದೆ, ಒಂಟಿ ಅಡ್ಡಗೆರೆಯನ್ನು ಹಾಗೆ ಓದುವುದಿಲ್ಲ. ಒಂದೇ ಒಂದು ಅಡ್ಡಗೆರೆ ಇದ್ದರೂ ಇಡೀ ಕಾಲಂ ಅಕ್ಷರದ ಕಾಲಂ ಆಗಿಬಿಡುತ್ತದೆ, ಮುಂದಿನ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಹಿಂದೆ ಯಾವಾಗಲೋ ಹೀಗೆ ನಿಂತಾಗ ಯಾರೋ ಕಾಲಂ ಅನ್ನು ಅಂಕಿಗೆ ತಿರುಗಿಸಿ, ಅದಕ್ಕೆ ಬಾಲದಂತೆ `fillna(0)` ಸೇರಿಸಿದ್ದರು. ಎರರ್ ಹೋಯಿತು, ಸೊನ್ನೆ ಬಂತು. ತಿದ್ದಿದ ಸಾಲು ಇಷ್ಟೇ:

```python
df = pd.read_csv(path, na_values=["-"])
```

ಅಡ್ಡಗೆರೆಗೂ ‘ಇಲ್ಲ’ ಎಂಬ ಅರ್ಥ ಇದೆಯೆಂದು ಓದುವಾಗಲೇ ಹೇಳಿಬಿಟ್ಟರೆ ಕಾಲಂ ಅಂಕಿಯಾಗಿಯೇ ಉಳಿಯುತ್ತದೆ, ಗುರುವಾರ `NaN` ಆಗುತ್ತದೆ. `fillna(0)` ಅನ್ನು ಪೂರ್ತಿ ತೆಗೆದರು.

ಆದರೂ ಆವಕದ ಸೊನ್ನೆ ಹೋಗಲಿಲ್ಲ. ದಿನಕ್ಕೆ ಒಂದಕ್ಕಿಂತ ಹೆಚ್ಚು ಸಾಲು ಬಂದರೆ ಕೂಡಿಸಲೆಂದು ಪ್ರೋಗ್ರಾಂ ಮುಂದೆ `resample("D").sum()` ಬಳಸುತ್ತಿತ್ತು. ಪಾಂಡಾಸಿನಲ್ಲಿ ಏನೂ ಇಲ್ಲದ್ದನ್ನು ಕೂಡಿಸಿದರೆ ಉತ್ತರ ಸೊನ್ನೆ. ಗಣಿತದ ದೃಷ್ಟಿಯಿಂದ ಅದು ಸರಿಯೇ, ಮಾರುಕಟ್ಟೆಯ ದೃಷ್ಟಿಯಿಂದ ಅಲ್ಲ. ಸರಾಸರಿ ತೆಗೆಯುವ `mean()` ಹೀಗೆ ಮಾಡುವುದಿಲ್ಲ, ಅದು `NaN` ಅನ್ನೇ ಕೊಡುತ್ತದೆ. ದರ ಸರಿಹೋಗಿ ಆವಕ ಮಾತ್ರ ಹಟ ಹಿಡಿದದ್ದು ಇದೇ ಕಾರಣಕ್ಕೆ. `sum(min_count=1)` ಎಂದರೆ ‘ಕನಿಷ್ಠ ಒಂದಾದರೂ ನಿಜವಾದ ಅಂಕಿ ಇದ್ದರೆ ಮಾತ್ರ ಕೂಡಿಸು’ ಎಂದಾಗುತ್ತದೆ. ಅಲ್ಲಿಗೆ ಎರಡನೇ ಸೋರಿಕೆ ನಿಂತಿತು.

ಮೂರನೆಯದು ಎಚ್ಚರಿಕೆ ಸಂದೇಶ ಕಳಿಸುವ ಜಾವಾಸ್ಕ್ರಿಪ್ಟ್. 2023-24ರಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ ₹2,090 ಇತ್ತು; ಅದೇ ಗಡಿಯನ್ನು ಕೋಡಿನಲ್ಲಿ ಇಟ್ಟಿದ್ದರು. ಈಗ ಡೇಟಾಬೇಸಿನಿಂದ ಸೊನ್ನೆಯ ಬದಲು `null` ಬರುತ್ತಿದೆ, ಇನ್ನು ತಪ್ಪು ಸಂದೇಶ ಹೋಗದು ಎಂದುಕೊಂಡರೆ ಪರೀಕ್ಷೆಯಲ್ಲಿ ಮತ್ತೆ ಹೋಯಿತು. ಆ ಭಾಷೆಯಲ್ಲಿ `null < 2090` ಎಂಬುದು ಸತ್ಯ, ಏಕೆಂದರೆ ಹೋಲಿಸುವಾಗ ಅದು `null` ಅನ್ನು ಒಳಗೊಳಗೇ ಸೊನ್ನೆ ಮಾಡಿಕೊಳ್ಳುತ್ತದೆ. `Number(null)`, `Number("")` ಎರಡೂ ಸೊನ್ನೆಯೇ. ಎಸ್‌ಕ್ಯೂಎಲ್‌ನಲ್ಲಿ ಅದೇ ಹೋಲಿಕೆ ಮಾಡಿದ್ದರೆ ಉತ್ತರ ಸತ್ಯವೂ ಅಲ್ಲ, ಸುಳ್ಳೂ ಅಲ್ಲ, ಸಂದೇಶ ಹೋಗುತ್ತಿರಲಿಲ್ಲ. ಹೀಗಾಗಿ ಹೋಲಿಕೆಗೆ ಮುಂಚೆ `price !== null` ಎಂದು ಬಾಯಿಬಿಟ್ಟು ಕೇಳಲೇಬೇಕಾಯಿತು.

ಸೊನ್ನೆ ಬಾಗಿಲು ಹಾಕಿಕೊಂಡ ಬಗೆ

ಗುರುವಾರದ ವರದಿ ಶನಿವಾರ ಬಂತು. ಆದರೂ ಗ್ರಾಫಿನಲ್ಲಿ ಗುರುವಾರ ಸೊನ್ನೆಯಾಗಿಯೇ ಉಳಿದಿತ್ತು. ಈ ಪ್ರಕರಣದಲ್ಲಿ ದೊಡ್ಡ ಹಾನಿ ಇದೇ, ಕಣ್ಣಿಗೆ ಬೀಳದ್ದೂ ಇದೇ.

ಪ್ರೋಗ್ರಾಂ ಪ್ರತಿದಿನವೂ ಹಿಂದಿನ ಒಂದು ವಾರದ ವರದಿಗಳನ್ನು ತರುತ್ತಿತ್ತು. ಆದರೆ ಡೇಟಾಬೇಸಿಗೆ ಹಾಕುವಾಗ `ON CONFLICT DO NOTHING` ಎಂದಿತ್ತು. ಆ ದಿನಾಂಕದ ಸಾಲು ಆಗಲೇ ಇದ್ದರೆ ಸುಮ್ಮನಿರು ಎಂದು ಅದರ ಅರ್ಥ. ಗುರುವಾರದ ಹೆಸರಿನಲ್ಲಿ ಸೊನ್ನೆಯೊಂದು ಕುರ್ಚಿ ಹಿಡಿದು ಕೂತಿತ್ತು, ನಿಜವಾದ ಅಂಕಿ ಬಂದು ಬಾಗಿಲಲ್ಲಿ ನಿಂತು ವಾಪಸ್ ಹೋಯಿತು. ರಜೆಯಲ್ಲದ ದಿನ ಅಂಕಿ ಬಾರದಿದ್ದರೆ ಈಗ ಸಾಲನ್ನೇ ಬರೆಯುವುದಿಲ್ಲ. ಬಂದ ಅಂಕಿ ಮೊದಲಿನದಕ್ಕಿಂತ ಬೇರೆಯಾಗಿದ್ದರೆ `DO UPDATE` ಮೂಲಕ ಹೊಸದನ್ನು ಬರೆಯುತ್ತದೆ. ಖಾಲಿ ಬಂದರೆ ಹಳೆಯ ಅಂಕಿಯನ್ನು ಅಳಿಸುವುದಿಲ್ಲ. ಈ ಕೊನೆಯ ಷರತ್ತು ಮರೆತರೆ ಉಲ್ಟಾ ತೊಂದರೆ ಆಗುತ್ತದೆ: ಒಮ್ಮೆ ಸರಿಯಾಗಿ ಬಂದ ಬುಧವಾರ, ಮೂಲದಲ್ಲಿ ಏನೋ ಎಡವಟ್ಟಾದ ದಿನ ಮಾಯವಾಗಿಬಿಡುತ್ತದೆ.

ತಡವಾಗಿ ಬಂದ ಗುರುವಾರದ ಅಂಕಿ ನೋಡಿದಾಗ ಇನ್ನೊಂದು ವಿಷಯ ಬಯಲಾಯಿತು. ಆವಕ 5,200 ಕ್ವಿಂಟಲ್, ದರ ₹2,140. ಇಡೀ ವಾರದಲ್ಲಿ ಹೆಚ್ಚು ಮಾಲು ಬಂದ ದಿನ ಅದು, ದರ ಕಡಿಮೆಯಾದ ದಿನವೂ ಅದೇ. ಇದು ಬರಿ ಕಾಕತಾಳೀಯವಲ್ಲ. ಮಾಲು ಜಾಸ್ತಿ ಬಂದ ದಿನ ತೂಕ ಮುಗಿಯುವುದು ತಡ, ಬಿಲ್ಲು ತಡ, ಆದ್ದರಿಂದ ವರದಿಯೂ ತಡ. ಕಾಣೆಯಾಗುವ ದಿನಗಳು ಉಳಿದ ದಿನಗಳಂತೆಯೇ ಇರುತ್ತವೆ ಎಂದು ನಂಬುವಂತಿಲ್ಲ. ಸೊನ್ನೆ ಬೇಡ, ಬುಧವಾರ ಮತ್ತು ಶುಕ್ರವಾರದ ನಡುವಿನ ಅಂಕಿ ₹2,205 ಹಾಕಿಬಿಡೋಣ ಎಂಬ ಸಲಹೆಯೂ ಬಂದಿತ್ತು. ನೋಡಲು ಚೆಂದದ ಗೆರೆ ಆಗುತ್ತಿತ್ತು, ₹65 ಜಾಸ್ತಿ ಹೇಳುತ್ತಿತ್ತು. ಸೊನ್ನೆಯನ್ನಾದರೆ ನೋಡಿದವರು ಅನುಮಾನಿಸುತ್ತಾರೆ. ₹2,205 ಅನ್ನು ಯಾರೂ ಅನುಮಾನಿಸುವುದಿಲ್ಲ, ಆ ಲೆಕ್ಕದಲ್ಲಿ ಅದು ಸೊನ್ನೆಗಿಂತ ಕೆಟ್ಟದ್ದು.

ಸರಾಸರಿ

ವಾರದ ಸರಾಸರಿ ದರವನ್ನು ಗ್ರಾಫಿನ ಮೂಲೆಯಲ್ಲಿ ದೊಡ್ಡ ಅಕ್ಷರದಲ್ಲಿ ತೋರಿಸುತ್ತಿದ್ದರು. ಐದು ದಿನದ ದರ ಕೂಡಿದರೆ 11,000. ಏಳರಿಂದ ಭಾಗಿಸಿದರೆ ₹1,571, ಐದರಿಂದ ಭಾಗಿಸಿದರೆ ₹2,200. ಮೊದಲನೆಯದು ಆ ವಾರ ಮಾರುಕಟ್ಟೆಯಲ್ಲಿ ಯಾರೂ ಕಂಡಿರದ ದರ. ಗುರುವಾರದ ನಿಜವಾದ ಅಂಕಿ ಸೇರಿದ ಮೇಲೆ ಆರು ದಿನಕ್ಕೆ 13,140, ಸರಾಸರಿ ₹2,190. ಎಷ್ಟೋ ವಾರಗಳಿಂದ ಭಾನುವಾರದ ಸೊನ್ನೆ ಸೇರಿಸಿಕೊಂಡೇ ಸರಾಸರಿ ಹೋಗುತ್ತಿತ್ತು ಎಂಬುದು ಆಗ ತಿಳಿಯಿತು. ಪ್ರತಿವಾರವೂ ಒಂದೇ ಪ್ರಮಾಣದಲ್ಲಿ, ಏಳರಲ್ಲಿ ಒಂದು ಭಾಗ, ಕಡಿಮೆ ತೋರಿಸುತ್ತಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಇಲ್ಲೊಂದು ತಮಾಷೆ. ಕಂಪನಿಯ ಲೆಕ್ಕಿಗರು ಬೇರೆ ಹಾಳೆಯಲ್ಲಿ ಆವಕದ ತೂಕ ಹಿಡಿದು ಸರಾಸರಿ ತೆಗೆಯುತ್ತಿದ್ದರು, ಅಂದರೆ ಪ್ರತಿದಿನದ ದರವನ್ನು ಆ ದಿನದ ಕ್ವಿಂಟಲಿನಿಂದ ಗುಣಿಸಿ, ಕೂಡಿ, ಒಟ್ಟು ಕ್ವಿಂಟಲಿನಿಂದ ಭಾಗಿಸುವುದು. ಅವರ ಉತ್ತರ ₹2,200.40 ಎಂದು ಸರಿಯಾಗಿಯೇ ಬಂದಿತ್ತು. ಸೊನ್ನೆ ದರವನ್ನು ಸೊನ್ನೆ ಆವಕದಿಂದ ಗುಣಿಸಿದರೆ ಏನೂ ಸೇರುವುದಿಲ್ಲ, ಭಾಗಿಸುವ ಅಂಕಿಯಲ್ಲೂ ಏನೂ ಸೇರುವುದಿಲ್ಲ. ‘ನಮ್ಮ ಹಾಳೆ ಸರಿಯಿದೆಯಲ್ಲ’ ಎಂಬ ಮಾತು ತಪ್ಪು ಹುಡುಕುವುದನ್ನು ಒಂದು ದಿನ ತಡಮಾಡಿತು.

ಆವಕಕ್ಕೆ ಲೆಕ್ಕ ಬೇರೆ. ಭಾನುವಾರದ ಸೊನ್ನೆ ನಿಜವಾದ್ದರಿಂದ ಅದು ಮೊತ್ತದಲ್ಲೂ ದಿನಗಳ ಎಣಿಕೆಯಲ್ಲೂ ಇರಬಹುದು. ಗುರುವಾರ ಇರಬಾರದು. ವಾರದ ಮೊತ್ತ 15,000 ಕ್ವಿಂಟಲ್ ಎಂದು ಬರೆದರೆ ತಪ್ಪು, ಒಂದು ದಿನ ಬಾಕಿಯಿದೆ. ಆವಕ ಋಣ ಅಂಕಿಯಾಗಲು ಸಾಧ್ಯವಿಲ್ಲದ್ದರಿಂದ ‘ಕನಿಷ್ಠ 15,000, 1 ದಿನದ ವರದಿ ಬಾಕಿ’ ಎಂದು ಬರೆಯಬಹುದು, ಅದರಲ್ಲಿ ಸುಳ್ಳಿಲ್ಲ. ಶನಿವಾರದ ಮೇಲೆ ಅದು 20,200 ಆಯಿತು.

ಗೆರೆ ಎಲ್ಲಿ ಮುರಿಯಬೇಕು

ಡೇಟಾ ಸರಿಹೋದ ಮೇಲೆ ಗ್ರಾಫಿನ ಕೆಲಸ ಸಲೀಸು ಎಂದುಕೊಂಡಿದ್ದರು. ಮೊದಲ ತೊಂದರೆ: ಗುರುವಾರಕ್ಕೆ ಈಗ ಸಾಲೇ ಇಲ್ಲ. ಸಾಲೇ ಇಲ್ಲದಿದ್ದರೆ ಗೆರೆ ಮುರಿಯುವುದಿಲ್ಲ, ಬುಧವಾರದಿಂದ ಶುಕ್ರವಾರಕ್ಕೆ ನೇರ ಹಾರುತ್ತದೆ. ಅಡಿಯ ಅಕ್ಷದಲ್ಲೂ ಗುರುವಾರ ಕಾಣೆಯಾಗಿ, ಬುಧ-ಶುಕ್ರ ಅಕ್ಕಪಕ್ಕದ ಮನೆಯವರಾಗುತ್ತಾರೆ. ಜಾಗ ಖಾಲಿ ಬಿಡಬೇಕೆಂದರೆ ಆ ಜಾಗ ಇದೆಯೆಂದು ಯಾರಾದರೂ ಹೇಳಬೇಕು. ಅದಕ್ಕೆ ಡೇಟಾಬೇಸಿನಲ್ಲಿ ದಿನಾಂಕಗಳ ಪಟ್ಟಿಯೊಂದನ್ನು ಹುಟ್ಟಿಸಿ ಅದರ ಪಕ್ಕಕ್ಕೆ ದರಗಳನ್ನು ಜೋಡಿಸಿದರು:

```sql
SELECT d::date AS day, p.arrival, p.modal_price
FROM generate_series($1::date, $2::date, INTERVAL '1 day') AS d
LEFT JOIN daily_price p ON p.day = d::date
ORDER BY d;
```

ಇದರಿಂದ ಏಳು ದಿನಕ್ಕೆ ಏಳು ಸಾಲು ಬರುತ್ತದೆ, ಗುರುವಾರ `NULL` ಆಗಿ ಬರುತ್ತದೆ. ಇಲ್ಲಿ `COALESCE(p.modal_price, 0)` ಎಂದು ಬರೆಯುವ ಆಸೆಯನ್ನು ತಡೆದುಕೊಳ್ಳಬೇಕು. ಗ್ರಾಫಿಗೆ ಬಳಸಿದ್ದು ಚಾರ್ಟ್‌ಜೆಎಸ್. ಅದರಲ್ಲಿ ಖಾಲಿ ಜಾಗ ದಾಟಿ ಗೆರೆ ಜೋಡಿಸುವ `spanGaps` ಆಯ್ಕೆ ಮೊದಲಿನಿಂದಲೇ `false`. `null` ಬಂದಲ್ಲಿ ಗೆರೆ ತಾನಾಗಿ ಮುರಿಯುತ್ತದೆ.

ಎರಡನೇ ತೊಂದರೆ ಮೊದಲ ನೋಟಕ್ಕೇ ಕಂಡಿತು. ಈಗ ಪ್ರತಿ ಭಾನುವಾರವೂ ಗೆರೆ ಮುರಿಯುತ್ತಿತ್ತು. ಮೂರು ತಿಂಗಳ ಗ್ರಾಫ್ ಹರಿದ ದಾರದ ತುಂಡುಗಳಂತೆ ಕಾಣುತ್ತಿತ್ತು, ನಿಜವಾಗಿ ವರದಿ ಬಾರದ ಗುರುವಾರ ಆ ತುಂಡುಗಳ ನಡುವೆ ಕಳೆದೇಹೋಯಿತು. ಎಲ್ಲ ಖಾಲಿಯನ್ನೂ ಒಂದೇ ಥರ ತೋರಿಸಿದರೆ ಖಾಲಿಗೆ ಬೆಲೆಯೇ ಇರುವುದಿಲ್ಲ. ಕೊನೆಗೆ ದರದ ಗ್ರಾಫಿನ ಅಕ್ಷದಿಂದ ರಜಾದಿನಗಳನ್ನೇ ತೆಗೆದರು. ಅಲ್ಲಿ ಮಾರುಕಟ್ಟೆ ನಡೆದ ದಿನಗಳು ಮಾತ್ರ, ಶನಿವಾರದ ಪಕ್ಕ ಸೋಮವಾರ. ಹಾಗಾಗಿ ಗೆರೆ ಮುರಿದಿದ್ದರೆ ಅದಕ್ಕೆ ಒಂದೇ ಅರ್ಥ: ಮಾರುಕಟ್ಟೆ ನಡೆದಿದೆ, ದರ ಗೊತ್ತಿಲ್ಲ. ಆ ಜಾಗಕ್ಕೆ ತೆಳು ಬೂದು ಪಟ್ಟಿ ಹಾಕಿ ‘ವರದಿ ಬಂದಿಲ್ಲ’ ಎಂದು ಬರೆದರು. ಬರೆಯಲೇಬೇಕು, ಏಕೆಂದರೆ ಬಿಂದುವೇ ಇಲ್ಲದ ಕಡೆ ಬೆರಳಿಟ್ಟರೆ ಯಾವ ಮಾಹಿತಿಯೂ ತೆರೆದುಕೊಳ್ಳುವುದಿಲ್ಲ.

ಇದಕ್ಕೆ ರಜೆಗಳ ಪಟ್ಟಿ ಬೇಕಾಗುತ್ತದೆ, ಭಾನುವಾರ ಮಾತ್ರ ಸಾಲದು. ಹಬ್ಬದ ರಜೆಗಳನ್ನು ವರ್ಷದ ಆರಂಭದಲ್ಲೇ ಹಾಕಬಹುದು. ಹಮಾಲರ ಮುಷ್ಕರ, ಚುನಾವಣೆಯಂಥವು ಅಂದಂದೇ ತಿಳಿಯುವಂಥವು. ಅವನ್ನು ಮನುಷ್ಯರೇ ದಾಖಲಿಸಬೇಕು. ಯಾರೂ ದಾಖಲಿಸದ ದಿನ ‘ವರದಿ ಬಂದಿಲ್ಲ’ ಎಂದೇ ಇರುತ್ತದೆ, ‘ರಜೆ’ ಎಂದು ಪ್ರೋಗ್ರಾಂ ಊಹಿಸುವುದಿಲ್ಲ.

ಮೂರನೆಯದು ಸಣ್ಣದು, ಆದರೆ ಸಿಕ್ಕಿಹಾಕಿಕೊಳ್ಳುವವರು ಬಹಳ ಮಂದಿ. ಬುಧವಾರವೂ ಶುಕ್ರವಾರವೂ ಖಾಲಿಯಾಗಿ ನಡುವೆ ಗುರುವಾರದ ಅಂಕಿ ಮಾತ್ರ ಇದ್ದರೆ ಏನಾಗುತ್ತದೆ? ಗೆರೆ ಎಳೆಯಲು ಎರಡು ಬಿಂದು ಬೇಕು. ಒಂಟಿ ಬಿಂದುವಿಗೆ ಗೆರೆಯಿಲ್ಲ, ಆದ್ದರಿಂದ ಇರುವ ಅಂಕಿಯೂ ಕಾಣುವುದಿಲ್ಲ. ಗೆರೆ ನುಣುಪಾಗಿ ಕಾಣಲೆಂದು `pointRadius: 0` ಇಟ್ಟಿದ್ದರು, ಅದನ್ನು 3ಕ್ಕೆ ತಂದ ಮೇಲೆ ಒಂಟಿ ದಿನಗಳು ಚುಕ್ಕೆಯಾಗಿ ಕಂಡವು.

ಸೊನ್ನೆ ಹೋದದ್ದರಿಂದ ಯಾರೂ ಕೇಳಿರದ ಒಂದು ಲಾಭವೂ ಆಯಿತು. ಮೊದಲು ಲಂಬ ಅಕ್ಷ 0ಯಿಂದ 2,500ರವರೆಗೆ ಇತ್ತು. ಮೊಬೈಲಿನಲ್ಲಿ ಗ್ರಾಫಿನ ಎತ್ತರ 250 ಪಿಕ್ಸೆಲ್, ಅಂದರೆ ₹40ರ ಏರಿಳಿತಕ್ಕೆ ಬರಿ 4 ಪಿಕ್ಸೆಲ್, ಕಣ್ಣಿಗೇ ಬೀಳದಷ್ಟು. ಈಗ ಅಕ್ಷ ತಾನಾಗಿ 2,100ರಿಂದ 2,300ಕ್ಕೆ ಬಂದಿದೆ, ಅದೇ ₹40ಕ್ಕೆ 50 ಪಿಕ್ಸೆಲ್ ಸಿಗುತ್ತದೆ. ಕ್ವಿಂಟಲಿಗೆ ₹40 ಎಂದರೆ ನೂರು ಕ್ವಿಂಟಲ್ ಇಟ್ಟವರಿಗೆ ₹4,000. ಅವರು ಗ್ರಾಫ್ ನೋಡುವುದು ಅದಕ್ಕೇ.

ಕಂಬದ ಗ್ರಾಫ್ ಕೈಕೊಡುವ ಜಾಗ

ಗೆರೆಗೆ ಹೊಂದಿದ ಉಪಾಯ ಆವಕದ ಕಂಬಗಳಿಗೆ ಹೊಂದಲಿಲ್ಲ. ಕಂಬದ ಗ್ರಾಫಿನಲ್ಲಿ ಸೊನ್ನೆಗೂ ಖಾಲಿಗೂ ರೂಪ ಒಂದೇ: ಎರಡೂ ಕಡೆ ಕಂಬ ಇಲ್ಲ. ಭಾನುವಾರದ ನಿಜವಾದ ಸೊನ್ನೆ, ಗುರುವಾರದ ಗೊತ್ತಿಲ್ಲದ್ದು, ಎರಡೂ ಅದೇ ಬಿಳಿ ಜಾಗ. ಡೇಟಾಬೇಸಿನಲ್ಲಿ ಇಷ್ಟು ಕಷ್ಟಪಟ್ಟು ಬೇರೆ ಮಾಡಿದ್ದು ಪರದೆಯ ಮೇಲೆ ಮತ್ತೆ ಒಂದಾಯಿತು. ಆದ್ದರಿಂದ ಇಲ್ಲಿ ಎರಡಕ್ಕೂ ಗುರುತು ಬೇಕು. ನಿಜವಾದ ಸೊನ್ನೆಯ ದಿನ ಅಡಿಗೆರೆಯ ಮೇಲೆ ‘0’ ಎಂದು ಬರೆದರು, ಕೆಳಗೆ ‘ರಜೆ’ ಎಂಬ ಪದ. ಗೊತ್ತಿಲ್ಲದ ದಿನ ತಳದಿಂದ ತುದಿಯವರೆಗೆ ಓರೆಗೆರೆಗಳ ಬೂದು ಪಟ್ಟಿ. ಆ ಪಟ್ಟಿ ಮಾಮೂಲಿ ಕಂಬದ ಎತ್ತರದಲ್ಲಿ ನಿಲ್ಲಬಾರದು, ನಿಂತರೆ ಅದನ್ನೂ ಒಂದು ಆವಕ ಎಂದು ಓದುತ್ತಾರೆ. ಗ್ರಾಫಿನ ಪೂರ್ತಿ ಎತ್ತರಕ್ಕೆ ಹೋಗಬೇಕು.

ಇದೇ ಕಂಪನಿಯಲ್ಲಿ ಎಕ್ಸೆಲ್ ಬಳಸುವವರೂ ಇದ್ದಾರೆ. ಅಲ್ಲಿ ಸೆಲ್ಲಿನಲ್ಲಿ ಸೂತ್ರವಿದ್ದು ಅದು `""` ಕೊಟ್ಟರೆ ಸೆಲ್ ಖಾಲಿ ಕಂಡರೂ ಖಾಲಿಯಲ್ಲ. ಅದು ಅಕ್ಷರ, ಗೆರೆಯ ಗ್ರಾಫ್ ಅದನ್ನು ಸೊನ್ನೆಯೆಂದೇ ಬರೆಯುತ್ತದೆ. ಬದಲಿಗೆ `NA()` ಕೊಡಬೇಕು. ಆಮೇಲೆ ಗ್ರಾಫಿನ `Select Data` ಒಳಗೆ `Hidden and Empty Cells` ತೆರೆದು `Gaps` ಆರಿಸಿ, `Show #N/A as empty cell` ಗುರುತು ಹಾಕಬೇಕು. ಈ ಕೊನೆಯ ಆಯ್ಕೆ ಹಳೆಯ ಎಕ್ಸೆಲ್‌ಗಳಲ್ಲಿ ಇಲ್ಲ. ಅವುಗಳಲ್ಲಿ `#N/A` ಇದ್ದ ಕಡೆ ಗೆರೆ ಮುರಿಯದೆ ಅಕ್ಕಪಕ್ಕದ ಬಿಂದುಗಳನ್ನು ಜೋಡಿಸಿಬಿಡುತ್ತದೆ, ಹಾಗಾಗಿ ಅಲ್ಲಿ ಸೆಲ್ಲನ್ನು ಸೂತ್ರ ಸಮೇತ ಅಳಿಸುವುದೊಂದೇ ದಾರಿ.

ಹಳೆಯ ಸೊನ್ನೆಗಳು

ಇಷ್ಟಾದರೂ ಹಿಂದಿನ ಎರಡು ವರ್ಷದ ಡೇಟಾ ಹಾಗೇ ಇತ್ತು. ದರದ ಕಾಲಂ ಸುಲಭ: ಮೆಕ್ಕೆಜೋಳ ಸೊನ್ನೆ ರೂಪಾಯಿಗೆ ಮಾರಾಟವಾಗುವುದಿಲ್ಲ, ಆದ್ದರಿಂದ ಅಲ್ಲಿರುವ ಪ್ರತಿ ಸೊನ್ನೆಯನ್ನೂ ಕಣ್ಣುಮುಚ್ಚಿ `NULL` ಮಾಡಬಹುದು. ಮಾಡಿದ ಮೇಲೆ ಆ ಕಾಲಂಗೆ `CHECK (modal_price > 0)` ಎಂಬ ಕಟ್ಟು ಹಾಕಿದರು. ಈ ಕಟ್ಟು `NULL` ಅನ್ನು ಒಳಗೆ ಬಿಡುತ್ತದೆ, ಸೊನ್ನೆಯನ್ನು ಬಿಡುವುದಿಲ್ಲ.

ಆವಕದ ಕಾಲಂನಲ್ಲಿ ಹಾಗೆ ಮಾಡುವಂತಿಲ್ಲ, ಅಲ್ಲಿ ನಿಜವಾದ ಸೊನ್ನೆಗಳೂ ಇವೆ. ಭಾನುವಾರ ಮತ್ತು ಪಟ್ಟಿಯಲ್ಲಿರುವ ರಜೆಯ ದಿನದ ಸೊನ್ನೆ ಉಳಿಸಿಕೊಂಡರು. ಉಳಿದ ದಿನಗಳ ಸೊನ್ನೆಗಳ ದಿನಾಂಕ ತೆಗೆದು, ಒಂದೊಂದನ್ನೂ ಮೂಲ ವರದಿಯಿಂದ ಮತ್ತೆ ತರಿಸಿದರು. ಕೆಲವು ಸಿಕ್ಕಿದವು, ಸಿಗದವು `NULL` ಆದವು. ಹಳೆಯ ಗ್ರಾಫಿನಲ್ಲಿ ಈಗ ಬೂದು ಪಟ್ಟಿಗಳು ಸಾಕಷ್ಟಿವೆ, ನೋಡಲು ಮೊದಲಿನಷ್ಟು ಅಚ್ಚುಕಟ್ಟಾಗಿಲ್ಲ. ಆರು ಮಾರುಕಟ್ಟೆ ದಿನಗಳಲ್ಲಿ ನಾಲ್ಕಕ್ಕಿಂತ ಕಡಿಮೆ ದಿನದ ದರ ಇರುವ ವಾರಕ್ಕೆ ಸರಾಸರಿಯನ್ನೇ ತೋರಿಸುವುದಿಲ್ಲ. ನಾಲ್ಕು ಎಂಬುದು ಕಂಪನಿಯವರು ಕೂತು ಒಪ್ಪಿಕೊಂಡ ಗಡಿ, ಬೇರೆಯವರು ಐದು ಎನ್ನಬಹುದು.

ತಿದ್ದುಪಡಿ ಮುಗಿದ ಕೆಲವು ದಿನಗಳಲ್ಲೇ ಯಾರೂ ಎಣಿಸದ ಇನ್ನೊಂದು ಜಾತಿ ಬಂತು: ಆವಕ 1,200 ಕ್ವಿಂಟಲ್, ದರ ಖಾಲಿ. ಮಾಲು ಅಂಗಳಕ್ಕೆ ಬಂದಿತ್ತು, ಟೆಂಡರ್ ನಡೆದಿರಲಿಲ್ಲ. ಅದು ರಜೆಯೂ ಅಲ್ಲ, ವರದಿ ಬಾರದ ದಿನವೂ ಅಲ್ಲ. ಆವಕದ ಕಡೆ ಕಂಬ ಸರಿಯಾಗಿ ನಿಂತಿತು, ದರದ ಕಡೆ ಗೆರೆ ಸರಿಯಾಗಿ ಮುರಿಯಿತು. ಬೂದು ಪಟ್ಟಿಯ ಮೇಲಿನ ಪದ ಮಾತ್ರ ತಪ್ಪಾಗಿತ್ತು. ಆವಕ ಇದ್ದು ದರ ಇಲ್ಲದ ದಿನಕ್ಕೆ ಅಲ್ಲೀಗ ‘ಮಾರಾಟ ಆಗಿಲ್ಲ’ ಎಂದು ಬರುತ್ತದೆ.